ಉಪ್ಪು ಹೆಚ್ಚಿದರೂ ವಾಹಕತೆ ಏಕೆ ಹೆಚ್ಚುವುದಿಲ್ಲ: ಗಾಢ ದ್ರಾವಣಗಳಲ್ಲಿ ಅಯಾನು ಜೋಡಿಗಳ ಲೆಕ್ಕ

ನೀರನ್ನೇ ದ್ರಾವಕವಾಗಿ ಬಳಸುವ ಸತುವಿನ ಬ್ಯಾಟರಿಗಳ ಬಗ್ಗೆ ಸುದ್ದಿ ಬಂದಾಗಲೆಲ್ಲ ಎರಡು ಮಾತುಗಳು ಜೊತೆಯಾಗಿ ಬರುತ್ತವೆ. ದ್ರಾವಣದಲ್ಲಿ ಲವಣವನ್ನು ತುಂಬ ಹೆಚ್ಚಿಸಲಾಗಿದೆ ಎನ್ನುವುದು ಒಂದು. ಹಾಗೆ ಹೆಚ್ಚಿಸಿದ್ದರಿಂದ ವಾಹಕತೆ ಇಳಿಯಿತು ಎನ್ನುವುದು ಇನ್ನೊಂದು. ಉಪ್ಪು ಕರಗಿ ಅಯಾನುಗಳಾಗುತ್ತದೆ, ಅಯಾನುಗಳೇ ದ್ರಾವಣದಲ್ಲಿ ವಿದ್ಯುತ್ತನ್ನು ಒಯ್ಯುತ್ತವೆ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಒಗಟಾಗಿ ಕಾಣುತ್ತದೆ. ಅದಕ್ಕೆ ಸಿದ್ಧ ಉತ್ತರವೂ ಸುದ್ದಿಯಲ್ಲೇ ಇರುತ್ತದೆ: ಅಯಾನುಗಳು ಜೋಡಿಯಾಗಿಬಿಟ್ಟಿವೆ, ಜೋಡಿಗೆ ಒಟ್ಟು ಆವೇಶವಿಲ್ಲ, ಹಾಗಾಗಿ ಅದು ಪ್ರವಾಹಕ್ಕೆ ಸಿಗದು.

ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಆದರ್ಶ ಲೆಕ್ಕಕ್ಕೂ ಅಳತೆಗೂ ನಡುವಿನ ಕೊರತೆಯನ್ನೆಲ್ಲ ಜೋಡಿಗಳ ತಲೆಗೆ ಕಟ್ಟಿದರೆ ಜೋಡಿಗಳ ಸಂಖ್ಯೆ ಇರುವುದಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತದೆ. ದ್ರಾವಣ ನಿಜಕ್ಕೂ ಗಾಢವಾದಾಗಲಂತೂ ‘ಎಷ್ಟು ಅಯಾನುಗಳು ಜೋಡಿಯಾಗಿವೆ’ ಎಂಬ ಪ್ರಶ್ನೆಗೇ ಖಚಿತ ಅರ್ಥ ಉಳಿಯುವುದಿಲ್ಲ. ಸತುವಿನ ಸಲ್ಫೇಟ್ ಎಂಬ ಒಂದೇ ಲವಣವನ್ನು ಹಿಡಿದು, ತೀರಾ ತೆಳುವಿನಿಂದ ಬ್ಯಾಟರಿಯಲ್ಲಿ ಬಳಸುವಷ್ಟು ಗಾಢದವರೆಗೆ ಹೋದರೆ ಇದು ಸ್ಪಷ್ಟವಾಗುತ್ತದೆ.

ಆದರ್ಶ ಲೆಕ್ಕ ಎಂದರೆ ಯಾವುದು

19ನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಫ್ರೀಡ್ರಿಶ್ ಕೋಲ್‌ರೌಶ್ ಅನೇಕ ಲವಣಗಳ ವಾಹಕತೆಯನ್ನು ಬಹಳ ಎಚ್ಚರದಿಂದ ಅಳೆದರು. ದ್ರಾವಣವನ್ನು ತೆಳುವಾಗಿಸುತ್ತ ಹೋದಂತೆ ಪ್ರತಿ ಅಯಾನೂ ಪಕ್ಕದವುಗಳ ಹಂಗಿಲ್ಲದೆ ತನ್ನದೇ ಆದ ನಿಶ್ಚಿತ ಪಾಲನ್ನು ಕೊಡುತ್ತದೆ ಎಂದು ಅವರು ಕಂಡುಕೊಂಡರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ರತಿ ಮೋಲ್‌ಗೆ, ಪೊಟ್ಯಾಸಿಯಂ ಅಯಾನಿನ ಪಾಲು 73.5, ಕ್ಲೋರೈಡಿನದು 76.3. ಎರಡು ಆವೇಶ ಹೊತ್ತ ಸತುವಿನದು ಸುಮಾರು 105.5, ಸಲ್ಫೇಟಿನದು 160. ಇವುಗಳ ಮೂಲಮಾನ ಸೀಮೆನ್ಸ್ ಚದರ ಸೆಂಟಿಮೀಟರ್ ಪ್ರತಿ ಮೋಲ್. ಈ ಪಾಲುಗಳನ್ನು ಕೂಡಿಸಿ ಸಾರತೆಯಿಂದ ಗುಣಿಸಿದರೆ ಆದರ್ಶ ವಾಹಕತೆ ಸಿಗುತ್ತದೆ.

ಲೀಟರಿಗೆ 0.1 ಮೋಲ್ ಪೊಟ್ಯಾಸಿಯಂ ಕ್ಲೋರೈಡನ್ನೂ 0.05 ಮೋಲ್ ಸತುವಿನ ಸಲ್ಫೇಟನ್ನೂ ಅಕ್ಕಪಕ್ಕ ಇಡೋಣ. ಎರಡರಲ್ಲೂ ಲೀಟರಿಗೆ ಅಷ್ಟೇ ಧನ ಆವೇಶ, ಅಷ್ಟೇ ಋಣ ಆವೇಶ ಇದೆ. ಆದರ್ಶ ಲೆಕ್ಕದಂತೆ ಮೊದಲನೆಯದು ಸೆಂಟಿಮೀಟರಿಗೆ 14.98 ಮಿಲಿಸೀಮೆನ್ಸ್ ತೋರಿಸಬೇಕು, ಎರಡನೆಯದು 13.27. ಅಳತೆಯಲ್ಲಿ ಸಿಗುವುದು ಕ್ರಮವಾಗಿ 12.89 ಮತ್ತು 5.26. ಅಂದರೆ ಒಂದು ಆದರ್ಶದ ಶೇ. 86ರಷ್ಟಿದೆ, ಇನ್ನೊಂದು ಕೇವಲ ಶೇ. 40ರಷ್ಟು. ಕೊರತೆ ಎರಡರಲ್ಲೂ ಇದೆ, ಆದರೆ ಅದರ ಕಾರಣ ಎರಡರಲ್ಲೂ ಒಂದೇ ಅಲ್ಲ.

ಮೊದಲ ಪಾಲು: ಜೋಡಿಯಾಗದೆಯೂ ನಿಧಾನವಾಗುವ ಅಯಾನುಗಳು

1887ರಲ್ಲಿ ಸ್ವಾಂಟೆ ಅರೇನಿಯಸ್ ಕೊಟ್ಟ ವಿವರಣೆ ನೇರವಾಗಿತ್ತು. ಲವಣದ ಒಂದು ಭಾಗ ಮಾತ್ರ ಅಯಾನುಗಳಾಗಿ ಒಡೆದಿದೆ, ಅಳತೆಯನ್ನು ಆದರ್ಶದಿಂದ ಭಾಗಿಸಿದರೆ ಆ ಭಾಗ ಎಷ್ಟೆಂದು ತಿಳಿಯುತ್ತದೆ. ಅಸಿಟಿಕ್ ಆಮ್ಲದಂಥ ದುರ್ಬಲ ಆಮ್ಲಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಅದೇ ಸೂತ್ರವನ್ನು ಪೊಟ್ಯಾಸಿಯಂ ಕ್ಲೋರೈಡಿಗೆ ಹಚ್ಚಿದರೆ ಶೇ. 14ರಷ್ಟು ಲವಣ ಒಡೆದೇ ಇಲ್ಲ ಎಂದಾಗುತ್ತದೆ. ಅದು ನಿಜವಲ್ಲ.

ಸರಿಯಾದ ಕಾರಣ ಸಿಗಲು 1920ರ ದಶಕದವರೆಗೆ ಕಾಯಬೇಕಾಯಿತು. 1923ರಲ್ಲಿ ಡಿಬೈ ಮತ್ತು ಹ್ಯೂಕಲ್, ಆಮೇಲೆ 1926–27ರಲ್ಲಿ ಲಾರ್ಸ್ ಒನ್ಸಾಗರ್ ಇದನ್ನು ಬಿಡಿಸಿದರು. ದ್ರಾವಣದಲ್ಲಿರುವ ಪ್ರತಿ ಧನ ಅಯಾನಿನ ಸುತ್ತ, ಸರಾಸರಿಯಲ್ಲಿ ನೋಡಿದರೆ, ಋಣ ಅಯಾನುಗಳು ಸ್ವಲ್ಪ ಹೆಚ್ಚಾಗಿರುತ್ತವೆ. ಇದನ್ನು ಅಯಾನು ಆವರಣ ಎನ್ನಬಹುದು. ವಿದ್ಯುತ್ ಕ್ಷೇತ್ರ ಹಚ್ಚಿದಾಗ ನಡುವಿನ ಅಯಾನು ಒಂದು ಕಡೆಗೆ, ಆವರಣ ಇನ್ನೊಂದು ಕಡೆಗೆ ಹೊರಡುತ್ತವೆ. ಆವರಣ ತನ್ನೊಡನೆ ನೀರನ್ನೂ ಎಳೆದುಕೊಂಡು ಹೋಗುವುದರಿಂದ ನಡುವಿನ ಅಯಾನು ಎದುರು ಹರಿವಿನಲ್ಲಿ ಸಾಗಬೇಕಾಗುತ್ತದೆ. ಇದು ಒಂದು ತಡೆ. ಅಯಾನು ಮುಂದೆ ಸರಿದ ಮೇಲೆ ಹಿಂದಿನ ಆವರಣ ಕರಗಿ ಹೊಸ ಜಾಗದಲ್ಲಿ ಮತ್ತೆ ರೂಪುಗೊಳ್ಳಲು ಸ್ವಲ್ಪ ಸಮಯ ಬೇಕು. ಅಷ್ಟು ಹೊತ್ತು ಹಿಂದೆ ಉಳಿದ ವಿರುದ್ಧ ಆವೇಶ ಅಯಾನನ್ನು ಹಿಂದಕ್ಕೆ ಸೆಳೆಯುತ್ತಿರುತ್ತದೆ. ಇದು ಎರಡನೆಯ ತಡೆ.

ಎರಡೂ ತಡೆಗಳು ಸಾರತೆಯ ವರ್ಗಮೂಲದಂತೆ ಬೆಳೆಯುತ್ತವೆ. ನೀರಿನಲ್ಲಿ, 25 ಡಿಗ್ರಿಯಲ್ಲಿ, ಒಂದೊಂದೇ ಆವೇಶದ ಅಯಾನುಗಳಿರುವ ಲವಣಕ್ಕೆ ಒನ್ಸಾಗರ್ ಸೂತ್ರ ಹೀಗಿದೆ:

Λ = Λ° − (60.2 + 0.229 Λ°) √c

ಇಲ್ಲಿ Λ ಎಂಬುದು ಪ್ರತಿ ಮೋಲ್‌ಗೆ ಸಿಗುವ ವಾಹಕತೆ, Λ° ಅದರ ಆದರ್ಶ ಬೆಲೆ, c ಎಂಬುದು ಲೀಟರಿಗೆ ಮೋಲ್‌ಗಳಲ್ಲಿ ಸಾರತೆ. 0.001 ಮೋಲ್ ಪೊಟ್ಯಾಸಿಯಂ ಕ್ಲೋರೈಡಿಗೆ ಇದು 146.8 ಎನ್ನುತ್ತದೆ, ಅಳತೆ 146.9. ಜೋಡಿ ಎಂಬ ಪದವನ್ನೇ ಎತ್ತದೆ, ಹೊಂದಿಸಿಕೊಳ್ಳಬಹುದಾದ ಯಾವ ಸಂಖ್ಯೆಯನ್ನೂ ಬಳಸದೆ ಬಂದ ಉತ್ತರ ಇದು. ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಅಯಾನುಗಳೆಲ್ಲ ಬಿಡಿಯಾಗಿಯೇ ಇವೆ, ನಡಿಗೆ ಮಾತ್ರ ನಿಧಾನವಾಗಿದೆ.

ಗೆರೆಯ ಮೇಲೋ ಕೆಳಗೋ

ಜೋಡಿಗಳಿವೆಯೇ ಇಲ್ಲವೇ ಎಂದು ತಿಳಿಯಲು ಒಂದು ಒಳ್ಳೆಯ ಪರೀಕ್ಷೆ ಇಲ್ಲಿಂದಲೇ ಸಿಗುತ್ತದೆ. ಅಳತೆಯ ಬಿಂದುಗಳು ಒನ್ಸಾಗರ್ ಗೆರೆಯ ಮೇಲಿವೆಯೋ ಕೆಳಗಿವೆಯೋ ಎಂದು ನೋಡಬೇಕು. ಸೂತ್ರ ಅಯಾನುಗಳನ್ನು ಗಾತ್ರವಿಲ್ಲದ ಬಿಂದುಗಳೆಂದು ಭಾವಿಸುತ್ತದೆ. ನಿಜವಾದ ಅಯಾನುಗಳಿಗೆ ಗಾತ್ರವಿರುವುದರಿಂದ ಆವರಣ ಅಷ್ಟು ಹತ್ತಿರ ಬರಲಾರದು, ತಡೆ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಜೋಡಿಗಳಿಲ್ಲದ ಲವಣ ಸಾರತೆ ಏರಿದಂತೆ ಗೆರೆಯ ಮೇಲಕ್ಕೆ ಸರಿಯಬೇಕು. 0.1 ಮೋಲ್ ಪೊಟ್ಯಾಸಿಯಂ ಕ್ಲೋರೈಡಿಗೆ ಸೂತ್ರ ಕೊಡುವುದು ಸುಮಾರು 120, ಅಳತೆ 128.9. ನಿರೀಕ್ಷಿಸಿದಂತೆಯೇ ಮೇಲಿದೆ.

ಸತುವಿನ ಸಲ್ಫೇಟ್ ಹಾಗಲ್ಲ. ಲೀಟರಿಗೆ 0.0005 ಮೋಲ್, ಅಂದರೆ ಏಳು ನೀರಿನ ಹರಳಿನ ರೂಪದಲ್ಲಿ ಸುಮಾರು 0.144 ಗ್ರಾಂ ಮಾತ್ರ ಇರುವ ದ್ರಾವಣವನ್ನು ತೆಗೆದುಕೊಳ್ಳಿ. ಆದರ್ಶ ಲೆಕ್ಕ ಸೆಂಟಿಮೀಟರಿಗೆ 132.7 ಮೈಕ್ರೋಸೀಮೆನ್ಸ್. ಎರಡು ಆವೇಶದ ಅಯಾನುಗಳಿಗೆ ಬರೆದ ಒನ್ಸಾಗರ್ ಸೂತ್ರ ಅದನ್ನು ಸುಮಾರು 122ಕ್ಕೆ ಇಳಿಸುತ್ತದೆ. ಅಳತೆ ಮಾತ್ರ 114.5. ಇಷ್ಟು ತೆಳು ದ್ರಾವಣದಲ್ಲೂ ಬಿಂದು ಗೆರೆಯ ಕೆಳಗೆ ಬಿದ್ದಿದೆ. ಅಯಾನುಗಳ ಗಾತ್ರವನ್ನು ಸೇರಿಸಿದರೆ ಲೆಕ್ಕ ಮೇಲಕ್ಕೆ ಹೋಗುತ್ತದೆಯೇ ಹೊರತು ಕೆಳಕ್ಕೆ ಬರುವುದಿಲ್ಲ. ಉಳಿದ ಶೇ. 6ರಷ್ಟು ಅಯಾನುಗಳು ಪ್ರವಾಹದಿಂದಲೇ ಹೊರಗುಳಿದಿವೆ ಎಂದು ಒಪ್ಪಲೇಬೇಕು. ಜೋಡಿಯ ನಿಜವಾದ ಗುರುತು ಇದು.

ಎರಡನೆಯ ಪಾಲು: ಜೋಡಿ

1926ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬ್ಯೆರುಮ್ ಕೊಟ್ಟ ಚಿತ್ರ ಇಂದಿಗೂ ಬಳಕೆಯಲ್ಲಿದೆ. ಎರಡು ವಿರುದ್ಧ ಅಯಾನುಗಳ ನಡುವಿನ ಸೆಳೆತ ಅಣುಗಳ ಶಾಖದ ಚಲನೆಯನ್ನು ಮೀರುವಷ್ಟು ಹತ್ತಿರಕ್ಕೆ ಅವು ಬಂದಾಗ, ಅವನ್ನು ಬಿಡಿ ಅಯಾನುಗಳೆಂದು ಎಣಿಸದೆ ಒಂದು ಜೋಡಿ ಎಂದು ಎಣಿಸಬೇಕು. ಈ ಗಡಿ ದೂರ ಆವೇಶಗಳ ಗುಣಲಬ್ಧಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ದ್ರಾವಕದ ಡೈಎಲೆಕ್ಟ್ರಿಕ್ ಸ್ಥಿರಾಂಕ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಆವೇಶಗಳ ನಡುವಿನ ಸೆಳೆತವನ್ನು ದ್ರಾವಕ ಎಷ್ಟು ಪಟ್ಟು ತಗ್ಗಿಸುತ್ತದೆ ಎಂದು ಹೇಳುವ ಈ ಸ್ಥಿರಾಂಕ 25 ಡಿಗ್ರಿಯ ನೀರಿನಲ್ಲಿ ಸುಮಾರು 78.

ಪೊಟ್ಯಾಸಿಯಂ ಕ್ಲೋರೈಡಿಗೆ ಈ ಗಡಿ 0.36 ನ್ಯಾನೋಮೀಟರ್. ಎರಡು ಅಯಾನುಗಳು ಒಂದಕ್ಕೊಂದು ತಾಗಿದಾಗಲೇ ಅವುಗಳ ಕೇಂದ್ರಗಳ ನಡುವೆ 0.32 ನ್ಯಾನೋಮೀಟರ್ ಇರುತ್ತದೆ. ಅಂದರೆ ಜೋಡಿಗೆ ಜಾಗವೇ ಇಲ್ಲ. ಎರಡೆರಡು ಆವೇಶದ ಸತುವಿನ ಸಲ್ಫೇಟಿಗೆ ಅದೇ ಗಡಿ ನಾಲ್ಕು ಪಟ್ಟಾಗಿ 1.43 ನ್ಯಾನೋಮೀಟರ್ ಆಗುತ್ತದೆ. ನಡುವೆ ಒಂದೆರಡು ಪದರ ನೀರಿನ ಅಣುಗಳಿದ್ದರೂ ಅವು ಜೋಡಿಯೇ.

ಆ ನಡುವಿನ ನೀರು ಮುಖ್ಯ. 1962ರಲ್ಲಿ ಮಾನ್‌ಫ್ರೆಡ್ ಐಗನ್ ಮತ್ತು ಕೊನ್ರಾಡ್ ಟಾಮ್ ಸಲ್ಫೇಟ್ ದ್ರಾವಣಗಳು ಶಬ್ದವನ್ನು ಹೀರಿಕೊಳ್ಳುವ ಬಗೆಯನ್ನು ಅಳೆದು, ಜೋಡಿ ಮೂರು ಹಂತಗಳಲ್ಲಿ ಬಿಗಿಯಾಗುತ್ತದೆ ಎಂದು ತೋರಿಸಿದರು. ಮೊದಲು ಎರಡೂ ಅಯಾನುಗಳು ತಂತಮ್ಮ ನೀರಿನ ಹೊದಿಕೆಯೊಂದಿಗೇ ಸೇರುತ್ತವೆ. ಆಮೇಲೆ ಒಂದು ಪದರ ನೀರು ಹೊರಹೋಗುತ್ತದೆ. ಕೊನೆಯಲ್ಲಿ ಲೋಹದ ಅಯಾನು ತನ್ನ ಒಳಹೊದಿಕೆಯ ಒಂದು ನೀರಿನ ಅಣುವನ್ನು ಬಿಟ್ಟುಕೊಟ್ಟು ಸಲ್ಫೇಟನ್ನು ನೇರವಾಗಿ ತಾಗುತ್ತದೆ. ಈ ಕೊನೆಯ ಹೆಜ್ಜೆ ನಿಧಾನ. ಸಮುದ್ರದ ನೀರು ಸುಮಾರು 100 ಕಿಲೋಹರ್ಟ್ಸ್‌ಗಿಂತ ಕೆಳಗಿನ ಶಬ್ದವನ್ನು ಶುದ್ಧ ನೀರಿಗಿಂತ ಹೆಚ್ಚು ಹೀರಿಕೊಳ್ಳುವುದಕ್ಕೆ ಅದರಲ್ಲಿರುವ ಮೆಗ್ನೀಸಿಯಂ ಸಲ್ಫೇಟ್ ಜೋಡಿಗಳ ಈ ಹೆಜ್ಜೆಯೇ ದೊಡ್ಡ ಕಾರಣ. ಸೋನಾರ್ ಬಳಸುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಜೋಡಿ ಎಂದರೆ ಅಂಟಿಕೊಂಡೇ ಇರುವ ಅಣುವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅವು ಕ್ಷಣಕ್ಷಣಕ್ಕೂ ಕೂಡುತ್ತವೆ, ಬಿಡುತ್ತವೆ. ಸಮತೋಲನ ಸ್ಥಿರಾಂಕ ಹೇಳುವುದು ಯಾವುದೇ ಕ್ಷಣದಲ್ಲಿ ಸರಾಸರಿ ಎಷ್ಟು ಅಯಾನುಗಳು ಜೋಡಿಯಾಗಿರುತ್ತವೆ ಎಂಬುದನ್ನು ಮಾತ್ರ. ಸತುವಿನ ಸಲ್ಫೇಟಿಗೆ ಈ ಸ್ಥಿರಾಂಕ ಮೋಲ್‌ಗೆ ಸುಮಾರು 200 ಲೀಟರ್.

0.05 ಮೋಲ್ ದ್ರಾವಣದ ಕೊರತೆಯನ್ನು ಬಿಡಿಸಿ ನೋಡಿದರೆ

ಈಗ 13.27 ಎಂಬ ಆದರ್ಶ 5.26ಕ್ಕೆ ಇಳಿದದ್ದು ಹೇಗೆಂದು ಲೆಕ್ಕ ಹಾಕಬಹುದು. ಬಿಡಿ ಅಯಾನುಗಳ ಪಾಲನ್ನು α ಎಂದರೆ ಸಮತೋಲನದ ಸಮೀಕರಣ ಇದು:

(1 − α) / (α² c γ²) = 200

ಇಲ್ಲಿ γ ಎಂಬುದು ಚಟುವಟಿಕೆ ಗುಣಾಂಕ. ಬಿಡಿ ಅಯಾನುಗಳೂ ಆವರಣದ ಸೆಳೆತದಲ್ಲಿರುವುದರಿಂದ ಜೋಡಿಯಾಗುವ ಒತ್ತಡ ಕಡಿಮೆಯಾಗುತ್ತದೆ. ಆ ಇಳಿಕೆಯನ್ನು γ ತೋರಿಸುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. γ ಅನ್ನು 1 ಎಂದು ಹಿಡಿದರೆ ಜೋಡಿಗಳು ಶೇ. 73ರಷ್ಟು ಬರುತ್ತವೆ, ಅದು ನಿಜಕ್ಕೆ ತೀರಾ ದೂರ. ಡೇವಿಸ್ ಸೂತ್ರದಿಂದ γ ಲೆಕ್ಕ ಹಾಕಲು ಅಯಾನು ಬಲ, ಅಂದರೆ ಬಿಡಿ ಅಯಾನುಗಳ ಸಾರತೆಯನ್ನೂ ಆವೇಶವನ್ನೂ ಸೇರಿಸಿದ ಅಳತೆ, ಬೇಕು. ಅಯಾನು ಬಲಕ್ಕೆ α ಬೇಕು. ಆದ್ದರಿಂದ ಮೊದಲು α 0.6 ಎಂದು ಊಹಿಸಿ ಆರಂಭಿಸಬೇಕು. ಆಗ ಅಯಾನು ಬಲ 0.12, γ ಸುಮಾರು 0.35. ಸಮೀಕರಣ ಬಿಡಿಸಿದರೆ α 0.58. ಇದನ್ನೇ ಮತ್ತೆ ಹಾಕಿ ತಿರುಗಿ ಲೆಕ್ಕ ಮಾಡಿದರೆ ಉತ್ತರ ಹೆಚ್ಚು ಕದಲುವುದಿಲ್ಲ.

ಅಂದರೆ ಶೇ. 42ರಷ್ಟು ಅಯಾನುಗಳು ಜೋಡಿಯಲ್ಲಿವೆ. ಉಳಿದ ಶೇ. 58 ಅಯಾನುಗಳು ಆದರ್ಶ ವೇಗದಲ್ಲಿ ನಡೆದಿದ್ದರೆ ವಾಹಕತೆ 7.7 ಆಗಬೇಕಿತ್ತು. ಸಿಕ್ಕಿದ್ದು 5.26. ಬಿಡಿ ಅಯಾನುಗಳೂ ಆದರ್ಶ ವೇಗದ ಶೇ. 68ರಲ್ಲಿ ಮಾತ್ರ ನಡೆಯುತ್ತಿವೆ ಎಂದಾಯಿತು. ಅಯಾನುಗಳ ಗಾತ್ರವನ್ನು ಸೇರಿಸಿದ ಒನ್ಸಾಗರ್ ಬಗೆಯ ಲೆಕ್ಕವೂ ಇಲ್ಲಿ ಮೂರನೇ ಒಂದು ಭಾಗದಷ್ಟೋ ಸ್ವಲ್ಪ ಹೆಚ್ಚೋ ಇಳಿಕೆಯನ್ನೇ ಕೊಡುತ್ತದೆ. ಎರಡು ಬೇರೆ ಬೇರೆ ದಾರಿಗಳು ಒಂದೇ ಕಡೆಗೆ ಬಂದು ಸೇರುತ್ತವೆ.

ಅರೇನಿಯಸ್ ರೀತಿಯಲ್ಲಿ ಅಳತೆಯನ್ನು ಆದರ್ಶದಿಂದ ನೇರವಾಗಿ ಭಾಗಿಸಿದ್ದರೆ ಶೇ. 60 ಜೋಡಿಗಳು ಎಂಬ ಉತ್ತರ ಬರುತ್ತಿತ್ತು. ಎಷ್ಟೋ ಸುದ್ದಿಗಳಲ್ಲಿ, ಕೆಲವು ಸಂಶೋಧನಾ ಲೇಖನಗಳಲ್ಲೂ, ಇಂದಿಗೂ ಹೀಗೇ ಭಾಗಿಸಿ ಜೋಡಿಗಳ ಪ್ರಮಾಣ ಹೇಳುತ್ತಾರೆ. ನಿಧಾನವಾದ ಅಯಾನನ್ನು ಇಲ್ಲದ ಅಯಾನು ಎಂದು ಎಣಿಸುವ ತಪ್ಪು ಅದು.

ಉಪಕರಣಕ್ಕೊಂದು ಉತ್ತರ

ಇದೇ ಲವಣವನ್ನು ರಾಮನ್ ರೋಹಿತಮಾಪಕದಲ್ಲಿಟ್ಟು ನೋಡಿದವರು ಜೋಡಿಗಳು ಇದಕ್ಕಿಂತ ಬಹಳ ಕಡಿಮೆ ಎನ್ನುತ್ತಾರೆ. ಬಿಡಿ ಸಲ್ಫೇಟಿನ ಮುಖ್ಯ ರೇಖೆ ಸೆಂಟಿಮೀಟರಿಗೆ 981 ಅಲೆಗಳ ಬಳಿ ಕಾಣುತ್ತದೆ. ಸಲ್ಫೇಟ್ ಲೋಹವನ್ನು ನೇರವಾಗಿ ತಾಗಿದಾಗ ಆ ರೇಖೆಯ ಪಕ್ಕದಲ್ಲಿ, 990ರ ಆಸುಪಾಸಿನಲ್ಲಿ, ಒಂದು ಸಣ್ಣ ಉಬ್ಬು ಮೂಡುತ್ತದೆ. ಉಬ್ಬು ಚಿಕ್ಕದಾಗಿರುವುದರಿಂದ ಜೋಡಿಗಳೇ ಅಪರೂಪ ಎಂದು ಒಂದು ಪಕ್ಷ ದಶಕಗಳ ಕಾಲ ವಾದಿಸಿತು. ವಾಹಕತೆಯ ಲೆಕ್ಕವನ್ನು ನಂಬಿದವರು ಅದನ್ನು ಒಪ್ಪಲಿಲ್ಲ.

ಈ ಜಗಳದಲ್ಲಿ ಎರಡೂ ಕಡೆಯ ಅಳತೆ ಸರಿಯಾಗಿಯೇ ಇತ್ತು. ರಾಮನ್ ಕಣ್ಣಿಗೆ ಬೀಳುವುದು ನೇರವಾಗಿ ತಾಗಿದ ಜೋಡಿಗಳು ಮಾತ್ರ. ನಡುವೆ ನೀರಿರುವ ಜೋಡಿಯಲ್ಲಿ ಸಲ್ಫೇಟಿನ ಕಂಪನ ಹೆಚ್ಚುಕಡಿಮೆ ಬದಲಾಗದು, ಅದು ಬಿಡಿ ಅಯಾನಿನ ಲೆಕ್ಕಕ್ಕೇ ಸೇರಿಹೋಗುತ್ತದೆ. ವಾಹಕತೆಗೆ ಈ ಭೇದವಿಲ್ಲ. ಒಟ್ಟಿಗೆ ಸಾಗುವ ಯಾವ ಜೋಡಿಯೂ ಪ್ರವಾಹ ಕೊಡದು, ನಡುವೆ ನೀರಿದ್ದರೂ ಅಷ್ಟೇ. ಮೂರೂ ಬಗೆಗಳನ್ನು ಬೇರೆಬೇರೆಯಾಗಿ ಕಾಣಲು ಗಿಗಾಹರ್ಟ್ಸ್ ವಲಯದ ಡೈಎಲೆಕ್ಟ್ರಿಕ್ ರೋಹಿತ ಬೇಕಾಯಿತು. ರಿಚರ್ಡ್ ಬುಖ್ನರ್, ಗ್ಲೆನ್ ಹೆಫ್ಟರ್ ಮತ್ತು ಸಂಗಡಿಗರು ಮೆಗ್ನೀಸಿಯಂ ಸಲ್ಫೇಟಿನ ಮೇಲೆ ಮಾಡಿದ ಅಳತೆಗಳಲ್ಲಿ ಮೂರೂ ಕಂಡವು. ಆದ್ದರಿಂದ ‘ಇಷ್ಟು ಶೇಕಡಾ ಜೋಡಿ’ ಎಂಬ ಮಾತು ಎದುರಾದಾಗ ಯಾವ ಉಪಕರಣದಿಂದ ಎಂದು ಮೊದಲು ಕೇಳಬೇಕು.

2 ಮೋಲ್‌ಗೆ ಬಂದಾಗ ಲೆಕ್ಕವೇ ಸಡಿಲವಾಗುತ್ತದೆ

ನೀರು ಆಧಾರಿತ ಸತುವಿನ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಬಳಸುವುದು ಲೀಟರಿಗೆ 2 ಮೋಲ್ ಸತುವಿನ ಸಲ್ಫೇಟ್. ಹರಳಿನ ರೂಪದಲ್ಲಿ ಅದು 575 ಗ್ರಾಂ. ನೀರಿಲ್ಲದ ಲವಣದ ಲೆಕ್ಕದಲ್ಲಿ ತೂಕದ ಸುಮಾರು ಶೇ. 25. 18 ಡಿಗ್ರಿಯಲ್ಲಿ ಅಳೆದ ಹಳೆಯ, ನಂಬಬಹುದಾದ ಅಂಕಿಗಳಂತೆ ವಾಹಕತೆ ಇಲ್ಲಿಯೇ ತನ್ನ ಶಿಖರ ಮುಟ್ಟುತ್ತದೆ, ಸುಮಾರು 48 ಮಿಲಿಸೀಮೆನ್ಸ್. ಶೇ. 30ಕ್ಕೆ ಏರಿಸಿದರೆ ಅದು 44ರ ಆಸುಪಾಸಿಗೆ ಇಳಿಯುತ್ತದೆ. ಆದರ್ಶ ಲೆಕ್ಕ 450ರ ಹತ್ತಿರ ಹೇಳುತ್ತದೆ. ಅಳತೆ ಅದರ ಹತ್ತನೇ ಒಂದು ಭಾಗ.

ಉಳಿದ ಶೇ. 90 ಅಯಾನುಗಳು ಜೋಡಿಯಾದವೇ? ಅಯಾನುಗಳ ನಡುವಿನ ದೂರ ನೋಡಿದರೆ ಉತ್ತರ ತಿಳಿಯುತ್ತದೆ. 0.0005 ಮೋಲ್ ದ್ರಾವಣದಲ್ಲಿ ಅಯಾನುಗಳ ಸರಾಸರಿ ಅಂತರ ಸುಮಾರು 12 ನ್ಯಾನೋಮೀಟರ್. 0.05 ಮೋಲ್‌ನಲ್ಲಿ 2.6. ಎರಡೂ ಬ್ಯೆರುಮ್ ಗಡಿಯಾದ 1.43ಕ್ಕಿಂತ ದೊಡ್ಡವು, ಹಾಗಾಗಿ ಗಡಿಯೊಳಗಿರುವುದು ಜೋಡಿ, ಹೊರಗಿರುವುದು ಬಿಡಿ ಎಂದು ಗುರುತಿಸಲು ಸಾಧ್ಯವಿತ್ತು. 2 ಮೋಲ್‌ನಲ್ಲಿ ಸರಾಸರಿ ಅಂತರ 0.75 ನ್ಯಾನೋಮೀಟರ್ ಮಾತ್ರ. ಪ್ರತಿ ಅಯಾನಿನ ಗಡಿಯೊಳಗೂ ಸದಾ ಹಲವು ವಿರುದ್ಧ ಅಯಾನುಗಳು ಇದ್ದೇ ಇರುತ್ತವೆ. ಯಾವುದು ಯಾರ ಜೋಡಿ ಎಂದು ಹೇಳಲು ಬಾರದು. ಗಡಿಯೊಳಗೆ ವಿರುದ್ಧ ಅಯಾನು ಇರುವುದೇ ಜೋಡಿಯ ಲಕ್ಷಣವಾದರೆ ಇಲ್ಲಿ ಎಲ್ಲವೂ ಜೋಡಿಯೇ, ಆದರೂ ವಿದ್ಯುತ್ ಹರಿಯುತ್ತಿದೆ.

ನೀರಿನ ಕಡೆಯಿಂದ ನೋಡಿದರೂ ಹಾಗೆಯೇ. ಇಲ್ಲಿ ಒಂದು ಸತು ಮತ್ತು ಒಂದು ಸಲ್ಫೇಟಿಗೆ ಒಟ್ಟಾಗಿ ಸಿಗುವುದು ಸುಮಾರು 27 ನೀರಿನ ಅಣುಗಳು. ಆರು ಸತುವಿನ ಒಳಹೊದಿಕೆಯಲ್ಲಿ ಬಿಗಿಯಾಗಿ ಕುಳಿತಿವೆ, ಸಲ್ಫೇಟಿನ ಸುತ್ತಲೂ ಇನ್ನಷ್ಟು ಇವೆ. ಯಾರ ಹಿಡಿತಕ್ಕೂ ಸಿಗದ ನೀರು ಕಡಿಮೆ. ಇದರಿಂದ ಮೂರನೆಯ ಪಾಲು ಹುಟ್ಟುತ್ತದೆ. ದ್ರಾವಣದ ಸ್ನಿಗ್ಧತೆ ಶುದ್ಧ ನೀರಿನ ಹಲವು ಪಟ್ಟಾಗುತ್ತದೆ, ಆವೇಶವಿರಲಿ ಇಲ್ಲದಿರಲಿ ಯಾವ ಕಣವೂ ಬೇಗ ಸರಿಯಲಾರದು. ಶಿಖರದಾಚೆ ವಾಹಕತೆ ಇಳಿಯುವುದಕ್ಕೆ ಇದೇ ದೊಡ್ಡ ಕಾರಣ. ವಾಹಕತೆ ಎಂದರೆ ಅಯಾನುಗಳ ಸಂಖ್ಯೆ ಮತ್ತು ಒಂದೊಂದರ ವೇಗ ಇವುಗಳ ಗುಣಲಬ್ಧ. ಮೊದಲು ಸಂಖ್ಯೆಯ ಏರಿಕೆ ಗೆಲ್ಲುತ್ತದೆ, ಆಮೇಲೆ ವೇಗದ ಇಳಿಕೆ.

ಸ್ನಿಗ್ಧತೆಯ ಪಾಲನ್ನು ಬೇರ್ಪಡಿಸಲು ಒಂದು ಸರಳ ಉಪಾಯವಿದೆ. ಮೋಲಾರ್ ವಾಹಕತೆಯನ್ನು ಸ್ನಿಗ್ಧತೆಯಿಂದ ಗುಣಿಸಿ, ಆ ಗುಣಲಬ್ಧ ಸಾರತೆಯೊಂದಿಗೆ ಹೇಗೆ ಬದಲಾಗುತ್ತದೆ ಎಂದು ನೋಡಬೇಕು. ಇದನ್ನು ವಾಲ್ಡೆನ್ ಗುಣಲಬ್ಧ ಎನ್ನುತ್ತಾರೆ. ಅದು ಸ್ಥಿರವಾಗಿದ್ದರೆ ಇಳಿಕೆಗೆಲ್ಲ ಸ್ನಿಗ್ಧತೆಯೇ ಹೊಣೆ. ಅದೂ ಇಳಿಯುತ್ತಿದ್ದರೆ ಅಯಾನುಗಳು ಒಂದನ್ನೊಂದು ಹಿಡಿದುಕೊಳ್ಳುತ್ತಿವೆ. ಇದು ಕರಾರುವಾಕ್ಕಾದ ಅಳತೆಯಲ್ಲ, ಏಕೆಂದರೆ ಅಯಾನು ಮಟ್ಟದ ತಡೆಯೂ ಇಡೀ ದ್ರವದ ಸ್ನಿಗ್ಧತೆಯೂ ಒಂದೇ ಅಲ್ಲ. ಆದರೂ ದಿಕ್ಕನ್ನು ಸರಿಯಾಗಿ ತೋರಿಸುತ್ತದೆ.

2013ರಿಂದ ನಡೆದಿರುವ ವಾದ

ಗಾಢ ದ್ರಾವಣಗಳ ಕುರಿತ ಗೊಂದಲವನ್ನು ಹೆಚ್ಚಿಸಿದ ಒಂದು ವಾದ 2013ರಲ್ಲಿ ಶುರುವಾಯಿತು. ಮ್ಯಾಥ್ಯೂ ಗೆಬಿ, ಜೇಕಬ್ ಇಸ್ರೇಲಾಷ್ವಿಲಿ ಮತ್ತು ಸಂಗಡಿಗರು ದ್ರಾವಕವೇ ಇಲ್ಲದ ಅಯಾನಿಕ ದ್ರವವೊಂದರಲ್ಲಿ ಎರಡು ಮೇಲ್ಮೈಗಳ ನಡುವಿನ ಬಲ ಅಳೆದರು. ಆ ಬಲ ನಿರೀಕ್ಷೆಗಿಂತ ಬಹಳ ದೂರದವರೆಗೆ ಚಾಚಿತ್ತು. ಅದರಿಂದ ಅವರು ಬಿಡಿ ಅಯಾನುಗಳು ಶೇ. 0.1ಕ್ಕಿಂತಲೂ ಕಡಿಮೆ, ಉಳಿದವೆಲ್ಲ ಜೋಡಿಗಳು ಎಂದು ತೀರ್ಮಾನಿಸಿದರು. 2016ರಲ್ಲಿ ಸೂಸನ್ ಪರ್ಕಿನ್ ತಂಡ ಗಾಢ ಉಪ್ಪಿನ ದ್ರಾವಣಗಳಲ್ಲೂ ಅಂಥದೇ ದೂರದ ಬಲ ಇದೆ, ಸಾರತೆ ಹೆಚ್ಚಿದಂತೆ ಅದರ ವ್ಯಾಪ್ತಿಯೂ ಹೆಚ್ಚುತ್ತದೆ ಎಂದು ವರದಿ ಮಾಡಿತು.

ವಾಹಕತೆಯ ಕಡೆಯಿಂದ ನೋಡುವವರ ಆಕ್ಷೇಪ ಗಟ್ಟಿಯಾಗಿದೆ. ಸಾವಿರದಲ್ಲಿ ಒಂದು ಅಯಾನು ಮಾತ್ರ ಬಿಡಿಯಾಗಿದ್ದರೆ ಅಳೆದಷ್ಟು ವಾಹಕತೆ ಬರಲು ಆ ಒಂದು ಅಯಾನು ಅಸಾಧ್ಯ ವೇಗದಲ್ಲಿ ಓಡಬೇಕು. ಎನ್‌ಎಂಆರ್‌ನಿಂದ ಪ್ರತಿ ಅಯಾನಿನ ವಿಸರಣ ವೇಗ ಅಳೆದು, ಅದರಿಂದ ಬರಬೇಕಾದ ವಾಹಕತೆಯೊಡನೆ ನಿಜವಾದ ವಾಹಕತೆಯನ್ನು ಹೋಲಿಸಿದರೆ, ಅಯಾನಿಕ ದ್ರವಗಳಲ್ಲಿ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಭಾಗ ಸಿಗುತ್ತದೆ, ಸಾವಿರದಲ್ಲೊಂದು ಭಾಗವಲ್ಲ. ಮೇಲ್ಮೈ ಬಲದ ಅಳತೆಯನ್ನು ಅಲ್ಲಗಳೆಯಬೇಕಿಲ್ಲ, ಅದನ್ನು ಜೋಡಿಗಳ ಎಣಿಕೆಯಾಗಿ ಓದಿದ್ದು ಮಾತ್ರ ನಿಲ್ಲುವುದಿಲ್ಲ ಎಂದೇ ಈ ಲೇಖನದ ಅಭಿಪ್ರಾಯ. ಆ ದೂರದ ಬಲಕ್ಕೆ ಕಾರಣವೇನು ಎಂಬ ಚರ್ಚೆ ಬೇರೆಯೇ ಇದೆ.

ನಿಜವಾದ ವಾಹಕತೆಗೂ ವಿಸರಣದಿಂದ ಬರಬೇಕಾದ ವಾಹಕತೆಗೂ ಇರುವ ಈ ಅನುಪಾತವನ್ನೂ ಎಚ್ಚರದಿಂದ ಓದಬೇಕು. ಅದು 0.6 ಇದ್ದರೆ ಶೇ. 40 ಜೋಡಿ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಆದರೆ ದ್ರಾವಕವಿಲ್ಲದ ದ್ರವದಲ್ಲಿ ಒಂದು ಅಯಾನು ಮುಂದೆ ಸರಿದರೆ ಇನ್ನೊಂದು ಹಿಂದಕ್ಕೆ ಸರಿಯಲೇಬೇಕು, ಒಟ್ಟು ಆವೇಗ ಉಳಿಯಬೇಕಲ್ಲ. ಜೋಡಿಗಳೇ ಇಲ್ಲದಿದ್ದರೂ ಅನುಪಾತ ಒಂದರಿಂದ ದೂರ ಸರಿಯಬಲ್ಲದು. ಹಾಗಾಗಿ ಈ ಕ್ಷೇತ್ರದಲ್ಲಿ ಈಗ ಅನೇಕರು ಜೋಡಿಗಳನ್ನು ಎಣಿಸುವುದನ್ನು ಬಿಟ್ಟು, ಧನ-ಧನ, ಋಣ-ಋಣ, ಧನ-ಋಣ ಅಯಾನುಗಳ ಚಲನೆ ಒಂದರೊಡನೊಂದು ಎಷ್ಟು ಹೊಂದಿಕೊಂಡಿದೆ ಎಂಬುದನ್ನೇ ನೇರವಾಗಿ ಲೆಕ್ಕ ಹಾಕುತ್ತಾರೆ. ಗಾಢ ದ್ರಾವಣಕ್ಕೆ ಅರ್ಥವಿರುವ ಲೆಕ್ಕ ಅದೇ.

ಅಳತೆ ತಪ್ಪುವ ಕಡೆಗಳು

ಜೋಡಿಯ ಗುರುತು ಸಿಗುವುದು ತೆಳು ದ್ರಾವಣದಲ್ಲಿ, ಮತ್ತು ಅಲ್ಲಿ ಅದು ಶೇ. 6ರಷ್ಟು ಸಣ್ಣದು. ಸಣ್ಣ ತಪ್ಪುಗಳು ಅದನ್ನು ಸುಲಭವಾಗಿ ನುಂಗಿಹಾಕುತ್ತವೆ. ಗಾಳಿಗೆ ತೆರೆದಿಟ್ಟ ಶುದ್ಧ ನೀರು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತಾನೇ ಸುಮಾರು 1 ಮೈಕ್ರೋಸೀಮೆನ್ಸ್ ತೋರಿಸುತ್ತದೆ. 114.5ರಲ್ಲಿ ಅದು ಹೆಚ್ಚುಕಡಿಮೆ ಶೇ. 1, ಆದ್ದರಿಂದ ನೀರಿನ ವಾಹಕತೆಯನ್ನು ಬೇರೆಯಾಗಿ ಅಳೆದು ಕಳೆಯಬೇಕು. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ. 2 ಏರುತ್ತದೆ. ಹಾಗಾಗಿ ಪಾತ್ರೆಯ ಉಷ್ಣತೆ ಡಿಗ್ರಿಯ ಕೆಲವು ಶತಾಂಶಗಳೊಳಗೆ ನಿಲ್ಲಬೇಕು. ಏಳು ನೀರಿನ ಹರಳು ಒಣಗಾಳಿಯಲ್ಲಿ ನೀರು ಬಿಟ್ಟು ಪುಡಿಯಾಗುತ್ತದೆ. ಹಳೆಯ ಡಬ್ಬಿಯಿಂದ ತೂಗಿದರೆ ಲೆಕ್ಕಕ್ಕಿಂತ ಹೆಚ್ಚು ಲವಣ ಬೀಳುತ್ತದೆ, ಜೋಡಿಗಳು ಕಡಿಮೆ ಇರುವಂತೆ ತೋರುತ್ತದೆ. ತಾಯಿದ್ರಾವಣದಲ್ಲಿರುವ ಸತುವನ್ನು ಇಡಿಟಿಎ ಟೈಟ್ರೇಶನ್ ಮೂಲಕ ಅಳೆದುಕೊಳ್ಳುವುದೇ ಸುರಕ್ಷಿತ.

ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರುಗಳ ಕಥೆ ಬೇರೆ. ಅವು ಅಳೆಯುವುದು ವಾಹಕತೆಯನ್ನು. ಅದನ್ನು ಒಂದು ನಿಶ್ಚಿತ ಗುಣಾಂಕದಿಂದ, ಸಾಮಾನ್ಯವಾಗಿ 0.5ರ ಆಸುಪಾಸಿನದರಿಂದ, ಗುಣಿಸಿ ಕರಗಿದ ಲವಣದ ತೂಕ ಎಂದು ತೋರಿಸುತ್ತವೆ. ಅದು ಜೋಡಿಯಾಗದ ಲವಣಗಳಿಗೆ ಹೊಂದಿಸಿದ ಗುಣಾಂಕ. 0.05 ಮೋಲ್ ಸತುವಿನ ಸಲ್ಫೇಟಿನಲ್ಲಿ ಅದನ್ನು ಅದ್ದಿದರೆ ಲೀಟರಿಗೆ ಸುಮಾರು 2.6 ಗ್ರಾಂ ಎನ್ನುತ್ತದೆ. ಇರುವುದು ನೀರಿಲ್ಲದ ಲವಣದ ಲೆಕ್ಕದಲ್ಲೇ 8 ಗ್ರಾಂ.

ಬ್ಯಾಟರಿಗೆ ಇದರಿಂದ ಆಗುವುದೇನು

ಬ್ಯಾಟರಿ ತಯಾರಿಸುವವರು ವಾಹಕತೆ ಇಳಿದರೂ ಗಾಢ ದ್ರಾವಣದ ಕಡೆ ಹೋಗುವುದಕ್ಕೆ ಕಾರಣವಿದೆ. ಬಿಡಿ ನೀರು ಕಡಿಮೆಯಾದಷ್ಟೂ ಅದು ಒಡೆದು ಹೈಡ್ರೋಜನ್ ಆಗುವ ಪ್ರಮಾಣ ಕಡಿಮೆ, ಸತುವಿನ ಸವೆತವೂ ಕಡಿಮೆ. 2015ರಲ್ಲಿ ವರದಿಯಾದ, ಒಂದು ಕೆಜಿ ನೀರಿಗೆ 21 ಮೋಲ್ ಲಿಥಿಯಂ ಲವಣ ಹಾಕಿದ ದ್ರಾವಣ ಈ ದಾರಿಯ ತುದಿ. ಅದರಲ್ಲಿ ನೀರು ಸುಮಾರು 3 ವೋಲ್ಟಿನವರೆಗೆ ತಡೆದುಕೊಂಡಿತು.

ಆದರೆ ವಾಹಕತೆಯ ಮೀಟರು ತೋರಿಸದ ಇನ್ನೊಂದು ಪರಿಣಾಮವಿದೆ, ಬ್ಯಾಟರಿಯ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಸತುವಿನ ಬ್ಯಾಟರಿಗೆ ಬೇಕಾದದ್ದು ಒಟ್ಟು ಪ್ರವಾಹವಲ್ಲ, ಸತು ಒಯ್ಯುವ ಪ್ರವಾಹ. ತೆಳು ದ್ರಾವಣದಲ್ಲೇ ಸತುವಿನ ಪಾಲು ಶೇ. 40ರಷ್ಟು, ಉಳಿದದ್ದು ಸಲ್ಫೇಟಿನದು. ಗಾಢವಾದಂತೆ ಒಂದು ಲೋಹಕ್ಕೆ ಎರಡು ಋಣ ಅಯಾನುಗಳು ಅಂಟಿದ ಗುಂಪುಗಳೂ ಹುಟ್ಟಿದರೆ ಆ ಲೋಹ ಋಣ ಆವೇಶದ ಗುಂಪಿನಲ್ಲಿ ಸೇರಿ ತಾನು ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ಸಾಗುತ್ತದೆ. ಇದು ಕಾಗದದ ಮೇಲಿನ ಊಹೆಯಲ್ಲ. ಗಾಢ ಕ್ಯಾಡ್ಮಿಯಂ ಅಯೋಡೈಡಿನಲ್ಲಿ ಲೋಹದ ಪಾಲು ಸೊನ್ನೆಗಿಂತ ಕೆಳಗೆ ಹೋಗುತ್ತದೆ ಎಂದು ಜರ್ಮನಿಯ ವಿಜ್ಞಾನಿ ಹಿಟ್ಟಾರ್ಫ್ 19ನೇ ಶತಮಾನದಲ್ಲೇ ಅಳೆದಿದ್ದರು. ಸತುವಿನ ತಟ್ಟೆಯ ಬಳಿ ಸತು ಸಕಾಲಕ್ಕೆ ಬಂದು ಸೇರದಿದ್ದರೆ ಅಲ್ಲಿ ಅಯಾನುಗಳು ಬತ್ತಿ, ಲೋಹ ಸಮವಾಗಿ ಕೂರದೆ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಆ ಮುಳ್ಳು ಎದುರಿನ ತಟ್ಟೆಯನ್ನು ಮುಟ್ಟಿದರೆ ಶಾರ್ಟ್ ಆಗುತ್ತದೆ.

ಸಲ್ಫೇಟಿನ ಬದಲು ಟ್ರೈಫ್ಲೇಟ್ ಬಳಸುವ ಪ್ರಯೋಗಗಳ ಹಿಂದೆ ಈ ಲೆಕ್ಕವೂ ಇದೆ. ಟ್ರೈಫ್ಲೇಟಿಗೆ ಒಂದೇ ಋಣ ಆವೇಶ, ಅದೂ ದೊಡ್ಡ ಅಯಾನಿನ ಮೇಲೆ ಹರಡಿಕೊಂಡಿದೆ. ಸತುವಿನೊಡನೆ ಅದರ ಬ್ಯೆರುಮ್ ಗಡಿ ಸಲ್ಫೇಟಿನ ಅರ್ಧ, ಅಂದರೆ 0.7 ನ್ಯಾನೋಮೀಟರಿನಷ್ಟು. ಬೆಲೆ ಮಾತ್ರ ಸಲ್ಫೇಟಿಗಿಂತ ಬಹಳ ಹೆಚ್ಚು, ಆದ್ದರಿಂದ ಸಲ್ಫೇಟ್ ಸದ್ಯಕ್ಕೆ ಬಳಕೆಯಿಂದ ಹೋಗುವಂತಿಲ್ಲ. ಬಿಸಿ ಮಾಡಿದರೆ ಜೋಡಿ ಬಿಡುತ್ತದೆ ಎಂಬ ನಿರೀಕ್ಷೆಯೂ ಇಲ್ಲಿ ಫಲಿಸದು. ಉಷ್ಣತೆ ಏರಿದಾಗ ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಬೇಗ ಇಳಿಯುವುದರಿಂದ ಇಂಥ ಸಲ್ಫೇಟುಗಳಲ್ಲಿ ಜೋಡಿಗಳು ಹೆಚ್ಚುತ್ತವೆ. ವಾಹಕತೆ ಏರುವುದು ಸ್ನಿಗ್ಧತೆ ಅದಕ್ಕಿಂತಲೂ ಬೇಗ ಇಳಿಯುವುದರಿಂದ. ಹೊಸ ಎಲೆಕ್ಟ್ರೋಲೈಟಿನ ವರದಿಯಲ್ಲಿ ವಾಹಕತೆಯ ಒಂದೇ ಅಂಕಿ ಇದ್ದು, ಜೊತೆಗೆ ಸ್ನಿಗ್ಧತೆಯಾಗಲಿ ಸತುವಿನ ಪಾಲಾಗಲಿ ಇಲ್ಲದಿದ್ದರೆ, ಅದರಲ್ಲಿ ಜೋಡಿಗಳ ಬಗ್ಗೆ ಬರೆದ ಶೇಕಡಾವಾರಿಗೆ ಆಧಾರ ಇನ್ನೂ ಸಿಕ್ಕಿಲ್ಲ ಎಂದೇ ತಿಳಿಯಬೇಕು.